ನಾಡಿ ಸಿಗುತ್ತಿದೆ, ಆದರೂ ಕಾಲು ಸಾಯುತ್ತಿದೆ

2021ರ ಫೆಬ್ರುವರಿ 23ರ ಬೆಳಿಗ್ಗೆ ಲಾಸ್ ಏಂಜಲಿಸ್ ಹತ್ತಿರದ ಇಳಿಜಾರು ರಸ್ತೆಯೊಂದರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಓಡಿಸುತ್ತಿದ್ದ ಕಾರು ಉರುಳಿತು. ಬಲಗಾಲಿನ ಎರಡೂ ಮೂಳೆಗಳು ಚೂರಾಗಿದ್ದವು, ಗಾಯ ಹೊರಗೆ ತೆರೆದುಕೊಂಡಿತ್ತು. ಆ ರಾತ್ರಿ ಆಸ್ಪತ್ರೆಯ ಪ್ರಕಟಣೆ ಹೊರಬಿತ್ತು. ಮೂಳೆಯೊಳಗೆ ರಾಡ್ ಹಾಕಿದ್ದನ್ನೂ ಪಾದಕ್ಕೆ ಸ್ಕ್ರೂ, ಪಿನ್ನುಗಳನ್ನು ಕೂರಿಸಿದ್ದನ್ನೂ ಜಗತ್ತಿನ ಪತ್ರಿಕೆಗಳೆಲ್ಲ ದೊಡ್ಡದಾಗಿ ಬರೆದವು. ಅದೇ ಪ್ರಕಟಣೆಯಲ್ಲಿ ಇನ್ನೊಂದು ವಾಕ್ಯವಿತ್ತು: ಊತದಿಂದ ಏರಿದ ಒತ್ತಡ ಇಳಿಸಲು ಸ್ನಾಯುಗಳ ಮೇಲಿನ ಹೊದಿಕೆಯನ್ನು ಸೀಳಿ ಬಿಡಬೇಕಾಯಿತು. ಹೆಚ್ಚಿನವರು ಅದನ್ನು ಓದಿ ಮುಂದೆ ಹೋದರು. ಮೂಳೆ ವೈದ್ಯರ ಕಣ್ಣು ಮಾತ್ರ ಅಲ್ಲೇ ನಿಂತಿರಬೇಕು. ಮುರಿದ ಮೂಳೆಯನ್ನು ನಾಳೆ ಕೂಡಿಸಬಹುದು, ನಾಡಿದ್ದೂ ಕೂಡಿಸಬಹುದು. ಆ ಹೊದಿಕೆಯ ಕೆಲಸಕ್ಕೆ ಮಾತ್ರ ಗಡಿಯಾರದ ಲೆಕ್ಕವಿದೆ, ಅದೂ ಗಂಟೆಗಳ ಲೆಕ್ಕ.

ಆ ಹೊದಿಕೆಯ ಹೆಸರು ಫೇಶಿಯಾ. ಮಾಂಸದ ಮೇಲೆ ಅಂಟಿಕೊಂಡಿರುವ ಬಿಳಿಯ, ಹೊಳೆಯುವ, ಗಟ್ಟಿ ಪೊರೆ ಅದು. ಚರ್ಮ ಎಳೆದರೆ ಹಿಗ್ಗುತ್ತದೆ, ಫೇಶಿಯಾ ಹಿಗ್ಗುವುದಿಲ್ಲ. ಮೊಣಕಾಲಿನ ಕೆಳಗೆ ಇದು ಸ್ನಾಯುಗಳನ್ನು ನಾಲ್ಕು ಉದ್ದನೆಯ ಕೋಣೆಗಳಾಗಿ ಪಾಲು ಮಾಡುತ್ತದೆ. ಮುಂದಿನ ಕೋಣೆಯಲ್ಲಿ ಪಾದವನ್ನೂ ಬೆರಳುಗಳನ್ನೂ ಮೇಲೆತ್ತುವ ಸ್ನಾಯುಗಳಿವೆ. ಹೊರಬದಿಯ ಕೋಣೆಯಲ್ಲಿ ಪಾದವನ್ನು ಹೊರಕ್ಕೆ ತಿರುಗಿಸುವವು. ಹಿಂದಿನ ಮೇಲ್ಪದರದ ಕೋಣೆ ಎಂದರೆ ನಾವು ಮೀನಖಂಡ ಎನ್ನುವ ಭಾಗ. ಅದರ ಒಳಗೆ, ಮೂಳೆಗೆ ಅಂಟಿಕೊಂಡಂತೆ, ಹಿಂದಿನ ಆಳದ ಕೋಣೆ. ಬೆರಳುಗಳನ್ನು ಮಡಿಸುವ ಸ್ನಾಯುಗಳೂ ಅಂಗಾಲಿಗೆ ಹೋಗುವ ದೊಡ್ಡ ನರವೂ ಇರುವುದು ಅಲ್ಲಿ. ಪ್ರತಿ ಕೋಣೆಗೂ ಒಂದೊಂದು ನರದ ನಂಟಿದೆ. ಯಾವ ಕೋಣೆ ಕಷ್ಟದಲ್ಲಿದೆ ಎಂದು ಹೊರಗಿನಿಂದ ಊಹಿಸಲು ಮುಂದೆ ಇದೇ ನಂಟು ಒದಗಿ ಬರುತ್ತದೆ.

ಟಿಬಿಯಾ, ಅಂದರೆ ಮೊಣಕಾಲಿನಿಂದ ಹರಡಿನವರೆಗಿನ ದೊಡ್ಡ ಮೂಳೆ, ಮುರಿದಾಗ ಅದರ ಮಜ್ಜೆಯಿಂದಲೂ ಹರಿದ ಸ್ನಾಯುಗಳಿಂದಲೂ ರಕ್ತ ಸೋರುತ್ತದೆ. ಜಜ್ಜಿದ ಸ್ನಾಯು ಊದಿಕೊಳ್ಳುತ್ತದೆ. ಎರಡಕ್ಕೂ ಜಾಗ ಬೇಕು, ಕೋಣೆಯ ಗೋಡೆ ಮಾತ್ರ ಹಿಗ್ಗುವುದಿಲ್ಲ. ಆರೋಗ್ಯವಂತ ವಯಸ್ಕರ ಕಾಲಿನ ಕೋಣೆಯೊಳಗಿನ ಒತ್ತಡ ಸಾಮಾನ್ಯವಾಗಿ 10 ಮಿಲಿಮೀಟರ್ ಪಾದರಸದ ಒಳಗೇ ಇರುತ್ತದೆ. ರಕ್ತದೊತ್ತಡ ಅಳೆಯುವ ಅದೇ ಅಳತೆ ಇದು. ಮುರಿತದ ನಂತರ ಅದು 30, 40, 50ಕ್ಕೆ ಏರಬಹುದು.

ಏರಿದರೆ ಮೊದಲು ಪೆಟ್ಟು ತಿನ್ನುವುದು ತೆಳು ಗೋಡೆಯ ಅಭಿಧಮನಿಗಳು, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳಗಳು. ಹೊರಗಿನ ಒತ್ತಡಕ್ಕೆ ಅವು ಮುದುಡುತ್ತವೆ. ಮುದುಡದೆ ಉಳಿಯಬೇಕಾದರೆ ಅವುಗಳ ಒಳಗಿನ ಒತ್ತಡವೂ ಸುತ್ತಲಿನಷ್ಟೇ ಏರಬೇಕು. ಹಾಗಾದಾಗ ಅಪಧಮನಿಯ ಕಡೆಯ ಒತ್ತಡಕ್ಕೂ ಅಭಿಧಮನಿಯ ಕಡೆಯ ಒತ್ತಡಕ್ಕೂ ಇರುವ ಅಂತರ ಕಿರಿದಾಗುತ್ತದೆ. ಸ್ನಾಯುವಿನ ಒಳಗಿನ ಕೂದಲೆಳೆಗಿಂತ ತೆಳುವಾದ ಲೋಮನಾಳಗಳಲ್ಲಿ ರಕ್ತವನ್ನು ಮುಂದೆ ತಳ್ಳುವುದು ಆ ಅಂತರವೇ. ಅಂತರ ಕುಗ್ಗಿತೆಂದರೆ ಹರಿವೂ ಕುಗ್ಗಿತು. ಆಮ್ಲಜನಕ ಸಿಗದ ಜೀವಕೋಶಗಳೂ ಲೋಮನಾಳದ ಗೋಡೆಗಳೂ ಸೋರತೊಡಗುತ್ತವೆ, ಸೋರಿದ ದ್ರವದಿಂದ ಊತ ಇನ್ನೂ ಹೆಚ್ಚುತ್ತದೆ, ಒತ್ತಡ ಮತ್ತಷ್ಟು ಏರುತ್ತದೆ. ಒಮ್ಮೆ ಈ ಸುತ್ತು ಶುರುವಾಯಿತೆಂದರೆ ತಾನಾಗಿ ನಿಲ್ಲುವುದು ಅಪರೂಪ. ಇದಕ್ಕೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎಂದು ಹೆಸರು.

ಇಲ್ಲಿ ಒಂದು ಗಂಟು ಇದೆ. ಪಾದದ ಮೇಲೆ ಬೆರಳಿಟ್ಟರೆ ನಾಡಿ ಚೆನ್ನಾಗಿಯೇ ಸಿಗುತ್ತಿರುತ್ತದೆ. ಆಕ್ಸಿಮೀಟರ್ ಕ್ಲಿಪ್ಪನ್ನು ಹೆಬ್ಬೆರಳಿಗೆ ಸಿಕ್ಕಿಸಿದರೆ ಅದೂ 98 ಎಂದು ತೋರಿಸಬಹುದು. ದೊಡ್ಡ ಅಪಧಮನಿಯೊಳಗೆ ಹೃದಯದ ಪ್ರತಿ ಬಡಿತಕ್ಕೂ ಒತ್ತಡ 120ರವರೆಗೆ ಏರುತ್ತದೆ. ಕೋಣೆಯ 50 ಅದನ್ನು ಅಮುಕಲಾರದು. ರಕ್ತ ಆ ನಾಳದಲ್ಲಿ ಕೋಣೆಯನ್ನು ಹಾದು ಪಾದಕ್ಕೆ ಹೋಗುತ್ತದೆ, ಚರ್ಮ ಬೆಚ್ಚಗಿರುತ್ತದೆ, ಉಗುರು ಒತ್ತಿ ಬಿಟ್ಟರೆ ಕೆಂಪಾಗುತ್ತದೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದ ಮಾತ್ರಕ್ಕೆ ಪಕ್ಕದ ಗದ್ದೆಯ ತೂಬು ತೆರೆದಿದೆ ಎಂದು ಅರ್ಥವಲ್ಲವಷ್ಟೆ. ನಾಡಿ ಹೇಳುವುದು ನಾಲೆಯ ಸುದ್ದಿ, ಸ್ನಾಯು ಬದುಕಿರುವುದು ತೂಬಿನ ಮೇಲೆ. ಟಿಬಿಯಾ ಮುರಿದವರ ಹಾಸಿಗೆಯ ಪಕ್ಕ ನಿಂತು ‘ನಾಡಿ ಚೆನ್ನಾಗಿದೆ, ಏನೂ ತೊಂದರೆಯಿಲ್ಲ’ ಎಂದು ಹೇಳುವುದಕ್ಕಿಂತ ಅಪಾಯದ ಸಮಾಧಾನ ಇನ್ನೊಂದಿಲ್ಲ.

ಸಮಯದ ಲೆಕ್ಕ ಹೀಗಿದೆ. ರಕ್ತ ಸಿಗದ ಸ್ನಾಯು ಸುಮಾರು 4 ಗಂಟೆಯವರೆಗೆ ಪೆಟ್ಟನ್ನು ತಡೆದುಕೊಂಡು ಮರಳಿ ಸುಧಾರಿಸಬಲ್ಲದು. 8 ಗಂಟೆ ಕಳೆದರೆ ಹಾನಿ ಬಹುಮಟ್ಟಿಗೆ ಶಾಶ್ವತ. ನಡುವಿನ ಗಂಟೆಗಳಲ್ಲಿ ಫಲ ಹೇಗೂ ಆಗಬಹುದು. ಗಡಿಯಾರ ಶುರುವಾಗುವುದು ಅಪಘಾತದ ಗಳಿಗೆಯಿಂದಲ್ಲ, ಒತ್ತಡ ಮಿತಿ ಮೀರಿದ ಗಳಿಗೆಯಿಂದ. ಅದು ಯಾವಾಗ ಎಂದು ಯಾರೂ ನೋಡಿರುವುದಿಲ್ಲ. ವೈದ್ಯರಿಗೆ ಈ ಕಾಯಿಲೆ ಕಂಡರೆ ನಿದ್ದೆ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಕಾಯಿಲೆಯ ಕೊನೆಯ ರೂಪವನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವನು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್. ಬಿಗಿಯಾಗಿ ಕಟ್ಟಿದ ಬ್ಯಾಂಡೇಜಿನ ನಂತರ ಕೈಕಾಲು ಸೆಟೆದು ಮಡಿಸಿಕೊಳ್ಳುವುದಕ್ಕೆ ನರದ ಕಾಯಿಲೆ ಕಾರಣವಲ್ಲ, ರಕ್ತ ಸಿಗದೆ ಸ್ನಾಯು ಸತ್ತದ್ದೇ ಕಾರಣ ಎಂದು ಅವನು 1881ರಲ್ಲಿ ಬರೆದ. ಇದೇ ಮನುಷ್ಯ ರಿಚರ್ಡ್ ಲಿಯಾಂಡರ್ ಎಂಬ ಹೆಸರಿನಲ್ಲಿ ಮಕ್ಕಳಿಗೆ ಕಥೆಗಳನ್ನೂ ಬರೆದಿದ್ದ, ಅದೂ ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಸೇನಾ ವೈದ್ಯನಾಗಿ ಹೋಗಿದ್ದಾಗ. ಹೊರಗಿನ ಕಟ್ಟು ಹೀಗೆ ಮಾಡಬಲ್ಲದು ಎಂದು ಅವನು ಹೇಳಿದ. ಕಟ್ಟೇ ಇಲ್ಲದಿದ್ದರೂ ಒಳಗಿನ ಊತವೇ ಅದೇ ಕೆಲಸ ಮಾಡುತ್ತದೆ ಎಂಬುದು ಎಲ್ಲರ ತಲೆಗೆ ಹೋಗಲು ಇನ್ನೂ ಹಲವು ದಶಕಗಳು ಬೇಕಾದವು.

ಫೋಲ್ಕ್‌ಮನ್ ಕಂಡ ಬಿಗಿ ಕಟ್ಟು ನಮ್ಮಲ್ಲಿ ಇಂದಿಗೂ ಇದೆ. ಮೂಳೆ ಮುರಿದರೆ ಆಸ್ಪತ್ರೆಗಿಂತ ಮೊದಲು ನಾಟಿ ಮೂಳೆ ಕಟ್ಟುವವರ ಮನೆಗೆ ಹೋಗುವ ರೂಢಿ ಕರ್ನಾಟಕದ ಹಳ್ಳಿಗಳಲ್ಲೂ ಪೇಟೆಗಳಲ್ಲೂ ಅಳಿದಿಲ್ಲ. ಬಿದಿರಿನ ದಬ್ಬೆ, ಮೊಟ್ಟೆಯ ಬಿಳಿ, ಬಟ್ಟೆಯ ಪಟ್ಟಿ ಇವುಗಳ ಕಟ್ಟು ಮೊದಲ ದಿನ ಸರಿಯಾಗಿಯೇ ಕುಳಿತಿರಬಹುದು. ರಾತ್ರಿ ಕಾಲು ಊದಿದಾಗ ಅದೇ ಕಟ್ಟು ಹೊರಗಿನ ಇನ್ನೊಂದು ಫೇಶಿಯಾ ಆಗಿಬಿಡುತ್ತದೆ. ಆಸ್ಪತ್ರೆಯ ಪ್ಲಾಸ್ಟರಿಗೂ ಈ ದೋಷ ತಪ್ಪಿದ್ದಲ್ಲ. ಹೊಸ ಮುರಿತಕ್ಕೆ ಸುತ್ತಲೂ ಮುಚ್ಚಿದ ಪ್ಲಾಸ್ಟರ್ ಹಾಕದೆ, ಹಿಂದೆ ಮಾತ್ರ ಸ್ಲ್ಯಾಬ್ ಇಟ್ಟು ಮುಂದೆ ಬ್ಯಾಂಡೇಜು ಸುತ್ತುವುದು ಅದಕ್ಕಾಗಿಯೇ.

ಈಗ ಲೆಕ್ಕ ತಿಳಿಯಲು ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ವಯಸ್ಸು 24, ಗಟ್ಟಿಮುಟ್ಟಾದ ಮೈಕಟ್ಟು. ಸಂಜೆ 6.30ಕ್ಕೆ ಬೈಕಿನಿಂದ ಬಿದ್ದು ಬಲಗಾಲಿನ ಟಿಬಿಯಾ ಮಧ್ಯದಲ್ಲಿ ಮುರಿದಿದೆ, ಚರ್ಮ ಹರಿದಿಲ್ಲ. 8 ಗಂಟೆಗೆ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ಸ್ಲ್ಯಾಬ್ ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು ವಾರ್ಡಿಗೆ ಕಳಿಸಿದ್ದಾರೆ. ಆಪರೇಷನ್ ಬೆಳಿಗ್ಗೆ. ಇವನ ವಯಸ್ಸು ಮತ್ತು ಗಂಡು ಎಂಬ ಎರಡೇ ಸಂಗತಿ ಎಚ್ಚರಿಕೆಗೆ ಸಾಕು. ಎಡಿನ್‌ಬರೋದ ಮಾರ್ಗರೆಟ್ ಮೆಕ್ವೀನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ 164 ರೋಗಿಗಳ ಅಧ್ಯಯನದಲ್ಲಿ ಈ ಕಾಯಿಲೆಯ ಅತಿ ಸಾಮಾನ್ಯ ಕಾರಣ ಟಿಬಿಯಾದ ನಡುಭಾಗದ ಮುರಿತವೇ ಆಗಿತ್ತು. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಹತ್ತು ಪಟ್ಟು ಹೆಚ್ಚು, ಅದರಲ್ಲೂ 35ರ ಒಳಗಿನವರಲ್ಲಿ. ಹರೆಯದವರ ತುಂಬಿದ ಸ್ನಾಯುವಿಗೆ ಕೋಣೆಯಲ್ಲಿ ಊದಲು ಜಾಗ ಕಡಿಮೆ ಎಂಬುದು ಇದಕ್ಕೆ ಕೊಡುವ ವಿವರಣೆ.

ರಾತ್ರಿ 10ರ ಹೊತ್ತಿಗೆ ತಾಯಿ ನರ್ಸ್ ಮೇಜಿನ ಹತ್ತಿರ ಬರುತ್ತಾಳೆ. “ಸಿಸ್ಟರ್, ಇಂಜೆಕ್ಷನ್ ಕೊಟ್ಟು ಎರಡು ಗಂಟೆನೂ ಆಗಿಲ್ಲ, ತಡೆಯೋಕಾಗ್ತಿಲ್ಲ ಅಂತಾನೆ. ಕಾಲು ಒಡೆದುಹೋಗುತ್ತೆ ಅಂತಾನೆ.” “ಮೂಳೆ ಮುರಿದಿದೆಯಲ್ಲಮ್ಮ, ನೋವಿರುತ್ತೆ” ಎಂಬುದು ಸಾವಿರ ಸಲ ಸರಿಯಾದ ಉತ್ತರ. ಸಾವಿರದ ಒಂದನೆಯ ಸಲ ಅದು ಕಾಲನ್ನೇ ಕಳೆಯುತ್ತದೆ. ಮುರಿದ ಮೂಳೆಗೆ ಸ್ಲ್ಯಾಬ್ ಹಾಕಿ ಅಲುಗದಂತೆ ಮಾಡಿದರೆ ನೋವು ಇಳಿಯಬೇಕು. ಇಳಿಯದೆ ಏರುತ್ತಿದ್ದರೆ, ಮಾರ್ಫಿನ್ ಜಾತಿಯ ಔಷಧಕ್ಕೂ ಬಗ್ಗದಿದ್ದರೆ, ಮುರಿತದ ಜಾಗ ಬಿಟ್ಟು ಇಡೀ ಸ್ನಾಯುವೇ ಬಿಗಿದು ಒಡೆಯುವಂತಾದರೆ ಅದು ಮೂಳೆಯ ನೋವಲ್ಲ. ರೋಗಿಯ ಚಾರ್ಟಿನಲ್ಲಿ ನೋವಿನ ಔಷಧದ ಡೋಸುಗಳು ಹತ್ತಿರ ಹತ್ತಿರವಾಗುತ್ತಿರುವುದೇ ಎಷ್ಟೋ ಸಲ ಮೊದಲ ಲಕ್ಷಣ.

ಕರ್ತವ್ಯದಲ್ಲಿದ್ದ ವೈದ್ಯೆ ಬಂದು ಮಾಡಬೇಕಾದ ಪರೀಕ್ಷೆಗೆ ಯಂತ್ರ ಬೇಡ. ಅವಳು ಬ್ಯಾಂಡೇಜು ಬಿಚ್ಚಿ ಸ್ನಾಯುವನ್ನು ಮುಟ್ಟುತ್ತಾಳೆ. ಮುಂಭಾಗ ಮರದ ಹಲಗೆಯಷ್ಟು ಬಿಗಿ. ನಂತರ ಅವನ ಕಾಲ್ಬೆರಳುಗಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಾಗಿಸುತ್ತಾಳೆ. ಬೆರಳುಗಳನ್ನು ಮೇಲೆತ್ತುವ ಸ್ನಾಯು ಮುಂದಿನ ಕೋಣೆಯಲ್ಲಿದೆ. ಬೆರಳು ಕೆಳಕ್ಕೆ ಬಾಗಿದಾಗ ಆ ಸ್ನಾಯು ಎಳೆದುಕೊಳ್ಳುತ್ತದೆ. ಹುಡುಗ ಚೀರುತ್ತಾನೆ, ಮುರಿದ ಜಾಗದಲ್ಲಿ ಅಲ್ಲ, ಇಡೀ ಮುಂಗಾಲಿನಲ್ಲಿ. ಬೆರಳುಗಳನ್ನು ಮೇಲಕ್ಕೆ ಎಳೆದರೂ ನೋವಿದೆ, ಆದರೆ ಇಷ್ಟಿಲ್ಲ. ಆ ಎಳೆತಕ್ಕೆ ಬಿಗಿಯುವುದು ಆಳದ ಕೋಣೆಯ ಸ್ನಾಯು. ಆಮೇಲೆ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿಯ ಚರ್ಮವನ್ನು ಹತ್ತಿಯ ತುದಿಯಿಂದ ಸವರುತ್ತಾಳೆ. ಎಡಗಾಲಿನಷ್ಟು ಚೆನ್ನಾಗಿ ಗೊತ್ತಾಗುತ್ತಿಲ್ಲ, ಜುಮ್ಮೆನ್ನುತ್ತಿದೆ ಎಂದು ಅವನು ಹೇಳುತ್ತಾನೆ. ಆ ಒಂದು ಅಂಗುಲ ಚರ್ಮಕ್ಕೆ ನರ ಬರುವುದು ಮುಂದಿನ ಕೋಣೆಯನ್ನು ಹಾದು.

ವೈದ್ಯಕೀಯ ವಿದ್ಯಾರ್ಥಿಗಳು ಇಂಗ್ಲಿಷಿನ ‘ಪಿ’ ಅಕ್ಷರದಿಂದ ಶುರುವಾಗುವ ಆರು ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಾರೆ: ನೋವು, ಜೋಮು, ಬಿಳಿಚಿಕೊಳ್ಳುವುದು, ತಣ್ಣಗಾಗುವುದು, ಕಾಲು ಆಡದಿರುವುದು, ನಾಡಿ ಸಿಗದಿರುವುದು. ಪರೀಕ್ಷೆಗೆ ಇದು ಒಳ್ಳೆಯದು, ವಾರ್ಡಿಗೆ ಅಷ್ಟಾಗಿ ಅಲ್ಲ. ಈ ಆರರಲ್ಲಿ ಹೊತ್ತಿಗೆ ಸರಿಯಾಗಿ ಒದಗುವುದು ಮೊದಲ ಎರಡೇ. ಕಾಲು ಆಡದಾಗುವವರೆಗೆ ಕಾದರೆ ಸ್ನಾಯು ಬಹುಪಾಲು ಹೋಗಿರುತ್ತದೆ. ನಾಡಿಯೂ ನಿಂತರೆ ಅದು ಬೇರೆಯೇ ಅನಾಹುತ, ಅಪಧಮನಿಯೇ ಹರಿದಿದೆಯೇ ಎಂದು ಹುಡುಕಬೇಕು. ಹಾಗೆಂದು ಮೊದಲ ಎರಡು ಲಕ್ಷಣಗಳೂ ಪೂರ್ತಿ ನಂಬಿಕಸ್ಥವಲ್ಲ. 2002ರಲ್ಲಿ ಟಾಡ್ ಉಲ್ಮರ್ ಹಳೆಯ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಒಂದೊಂದು ಲಕ್ಷಣವೂ ಬಿಡಿಯಾಗಿ ನಿಜವಾದ ಕಾಯಿಲೆಯನ್ನು ಹಿಡಿಯುವ ಪ್ರಮಾಣ ನೂರಕ್ಕೆ ಇಪ್ಪತ್ತನ್ನೂ ಮುಟ್ಟಲಿಲ್ಲ. ಲಕ್ಷಣಗಳು ಒಂದೂ ಇಲ್ಲದಿದ್ದರೆ ಕಾಯಿಲೆ ಇಲ್ಲ ಎನ್ನುವುದಕ್ಕೆ ಹೆಚ್ಚು ಬಲವಿದೆ. ಎರಡು ಮೂರು ಕೂಡಿ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಒಂದೇ ಸಲ ನೋಡಿ ಹೋಗದೆ ಗಂಟೆಗೊಮ್ಮೆ ಅದೇ ಪರೀಕ್ಷೆ ಮಾಡಿ ಚಾರ್ಟಿನಲ್ಲಿ ಬರೆಯಬೇಕು ಎಂದು ಬ್ರಿಟನ್ನಿನ ಮೂಳೆ ವೈದ್ಯರ ಸಂಘದ ಮಾರ್ಗಸೂಚಿ ಹೇಳುವುದು ಇದಕ್ಕಾಗಿ.

ನೋವನ್ನು ಹೇಳಲಾರದವರ ಕಥೆ ಬೇರೆ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಇಲ್ಲದವರು, ಕುಡಿದ ಮತ್ತಿನಲ್ಲಿರುವವರು, ಬೆನ್ನಿಗೆ ಅಥವಾ ಕಾಲಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ತೆಗೆದುಕೊಂಡವರು ಇವರೆಲ್ಲರಲ್ಲೂ ಎಚ್ಚರಿಕೆಯ ಗಂಟೆಯನ್ನು ನಾವೇ ಕಟ್ಟಿಹಾಕಿದಂತೆ. ಚಿಕ್ಕ ಮಕ್ಕಳು ಎಲ್ಲಿ ನೋವು ಎಂದು ವಿವರಿಸುವುದಿಲ್ಲ, ರಚ್ಚೆ ಹಿಡಿಯುತ್ತಾರೆ, ಗಾಬರಿಯಾಗುತ್ತಾರೆ, ನೋವಿನ ಔಷಧ ಹೆಚ್ಚು ಹೆಚ್ಚು ಬೇಕಾಗುತ್ತದೆ. ಗಾಯ ತೆರೆದುಕೊಂಡಿದ್ದರೆ ಒತ್ತಡ ತಾನೇ ಇಳಿಯುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. ಅದು ಸುಳ್ಳು. ಮೂಳೆ ಚುಚ್ಚಿ ಮಾಡಿದ ತೂತು ಒಂದು ಕೋಣೆಯ ಒಂದು ಮೂಲೆಯಲ್ಲಿರುತ್ತದೆ. ಉಳಿದ ಮೂರು ಮುಚ್ಚಿಯೇ ಇರುತ್ತವೆ. ಟೈಗರ್ ವುಡ್ಸ್ ಅವರದೂ ತೆರೆದ ಮುರಿತವೇ ಆಗಿತ್ತು.

ಮತ್ತೆ ನಮ್ಮ ಯುವಕನ ಹತ್ತಿರ. ಮೊದಲ ಕೆಲಸ, ಸ್ಲ್ಯಾಬ್, ಹತ್ತಿ, ಬ್ಯಾಂಡೇಜು ಎಲ್ಲವನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೂ ಕತ್ತರಿಸಿ ಬಿಡಿಸುವುದು. ಪ್ಲಾಸ್ಟರ್ ಸೀಳಿ ಒಳಗಿನ ಹತ್ತಿಯನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ. ರಕ್ತ ಒಣಗಿ ಗಟ್ಟಿಯಾದ ಹತ್ತಿಯೂ ಬಿಗಿಯುತ್ತದೆ. ಎರಡನೆಯದು, ಕಾಲಿನ ಕೆಳಗಿದ್ದ ದಿಂಬುಗಳನ್ನು ತೆಗೆಯುವುದು. ಊದಿದ ಕಾಲನ್ನು ಎತ್ತಿಡಬೇಕೆಂದು ಎಲ್ಲರಿಗೂ ಗೊತ್ತು, ಇಲ್ಲಿ ಮಾತ್ರ ಅದು ತಿರುಗುಬಾಣ. ಕಾಲು ಎತ್ತಿದಷ್ಟೂ ಅಲ್ಲಿಗೆ ತಲುಪುವ ರಕ್ತದ ಒತ್ತಡ ಇಳಿಯುತ್ತದೆ. ಕಾಲು ಹೃದಯದ ಮಟ್ಟದಲ್ಲಿರಬೇಕು. ಮೂರನೆಯದು, ರಕ್ತದೊತ್ತಡ ಬಿದ್ದಿದ್ದರೆ ಡ್ರಿಪ್ ಹಾಕಿ ಸರಿಪಡಿಸಿ, ಆಮ್ಲಜನಕ ಕೊಡುವುದು. ಅರ್ಧ ಗಂಟೆಯಲ್ಲಿ ಮತ್ತೆ ನೋಡಬೇಕು. ನೋಡಿದಾಗ ಅವನ ನೋವು ಹಾಗೇ ಇತ್ತು.

ಲಕ್ಷಣಗಳು ಇಷ್ಟು ಸ್ಪಷ್ಟವಾಗಿದ್ದರೆ ಹಲವು ಸರ್ಜನರು ಅಳೆಯುತ್ತಾ ಕೂರದೆ ನೇರ ಥಿಯೇಟರಿಗೆ ಒಯ್ಯುತ್ತಾರೆ, ಅದು ತಪ್ಪಲ್ಲ. ಸಂಶಯವಿದ್ದರೆ, ಅಥವಾ ರೋಗಿ ಮಾತಾಡುವ ಸ್ಥಿತಿಯಲ್ಲಿಲ್ಲದಿದ್ದರೆ, ಸೂಜಿಯೊಂದನ್ನು ಕೋಣೆಯೊಳಗೆ ಚುಚ್ಚಿ ಅದನ್ನು ಒತ್ತಡ ಅಳೆಯುವ ಮಾನಿಟರಿಗೆ ಜೋಡಿಸುತ್ತಾರೆ. ಐ.ಸಿ.ಯು.ನಲ್ಲಿ ಅಪಧಮನಿಯ ಒತ್ತಡ ಅಳೆಯಲು ಬಳಸುವ ಟ್ರಾನ್ಸ್‌ಡ್ಯೂಸರೇ ಸಾಕು. ಸೂಜಿ ಮುರಿತದಿಂದ 5 ಸೆಂಟಿಮೀಟರಿನೊಳಗೆ ಇರಬೇಕು, ದೂರ ಹೋದಂತೆ ಒತ್ತಡ ಕಡಿಮೆ ಕಾಣುತ್ತದೆ. ಆದರೆ ಮುರಿತದೊಳಕ್ಕೇ ಚುಚ್ಚಿಬಿಡಬಾರದು.

ಯುವಕನ ಮುಂದಿನ ಕೋಣೆಯಲ್ಲಿ 50 ಬಂತು ಎಂದುಕೊಳ್ಳಿ. ಆಳದ ಕೋಣೆಯಲ್ಲಿ 41, ಹೊರಬದಿಯಲ್ಲಿ 38, ಮೀನಖಂಡದಲ್ಲಿ 24. ಬರಿಯ ಈ ಅಂಕಿಗಳಿಂದ ತೀರ್ಮಾನವಾಗುವುದಿಲ್ಲ. ತಳ್ಳುವ ಒತ್ತಡ ಎಷ್ಟಿದೆ ಎಂದೂ ನೋಡಬೇಕು. ಅವನ ರಕ್ತದೊತ್ತಡ 116/72. ಕೆಳಗಿನ ಅಂಕಿ 72ರಿಂದ 50 ಕಳೆದರೆ ಉಳಿಯುವುದು 22. ಈ ಉಳಿಕೆ 30ಕ್ಕಿಂತ ಕೆಳಗಿಳಿದರೆ ಕೋಣೆ ತೆರೆಯಬೇಕು ಎಂಬುದು 1996ರಲ್ಲಿ ಮೆಕ್ವೀನ್ ಮತ್ತು ಕೋರ್ಟ್-ಬ್ರೌನ್ ಅವರು 116 ಟಿಬಿಯಾ ಮುರಿತಗಳನ್ನು ಸತತವಾಗಿ ಅಳೆದು ಕೊಟ್ಟ ಮಿತಿ. ಇದೇ 50 ಅಂಕಿ, ರಕ್ತದೊತ್ತಡದ ಕಾಯಿಲೆಯಿಂದ ಕೆಳ ಅಂಕಿ 100 ಇರುವ ರೋಗಿಯಲ್ಲಿ ಕಂಡರೆ ಉಳಿಕೆ 50, ಇನ್ನೂ ಕಾಯಬಹುದು. ಅಪಘಾತದಲ್ಲಿ ರಕ್ತ ಹೋಗಿ ಕೆಳ ಅಂಕಿ 50ಕ್ಕೆ ಇಳಿದವನಿಗೆ ಕೋಣೆಯಲ್ಲಿ 25 ಇದ್ದರೂ ಕಾಲು ಅಪಾಯದಲ್ಲಿದೆ.

ಈ ಲೆಕ್ಕಕ್ಕೂ ಮೋಸದ ಮೂಲೆಗಳಿವೆ. ಅರಿವಳಿಕೆ ಕೊಟ್ಟ ಮೇಲೆ ರಕ್ತದೊತ್ತಡ ಇಳಿಯುತ್ತದೆ. ಥಿಯೇಟರಿನಲ್ಲಿ ಆ ಇಳಿದ ಅಂಕಿಯಿಂದ ಕಳೆದರೆ ಎಲ್ಲ ಕಾಲೂ ಅಪಾಯದಲ್ಲಿರುವಂತೆ ಕಾಣುತ್ತದೆ, ಆದ್ದರಿಂದ ಅರಿವಳಿಕೆಗೆ ಮುಂಚಿನ ಅಂಕಿಯನ್ನೇ ಹಿಡಿಯಬೇಕು. ಒಂದೇ ಸಲದ ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ಕಾಯಿಲೆಯ ಸುಳಿವೇ ಇಲ್ಲದ 48 ಟಿಬಿಯಾ ಮುರಿತಗಳನ್ನು ಒಮ್ಮೆ ಅಳೆದ 2014ರ ಅಮೆರಿಕದ ಅಧ್ಯಯನವೊಂದರಲ್ಲಿ ನೂರಕ್ಕೆ 35ರಷ್ಟು ಜನರ ಉಳಿಕೆ 30ಕ್ಕಿಂತ ಕೆಳಗೇ ಇತ್ತು. ಅವರಿಗೆ ಕಾಯಿಲೆ ಬರಲೇ ಇಲ್ಲ. ಒತ್ತಡ ಏರುತ್ತಿದೆಯೇ, ಅಲ್ಲೇ ನಿಂತಿದೆಯೇ ಎಂಬ ನಡೆ ಒಂದು ಗಳಿಗೆಯ ಅಂಕಿಗಿಂತ ಹೆಚ್ಚು ನಿಜ ಹೇಳುತ್ತದೆ.

ರಾತ್ರಿ 12ರ ಹೊತ್ತಿಗೆ ಯುವಕ ಮೇಜಿನ ಮೇಲೆ. ಈ ಶಸ್ತ್ರಕ್ರಿಯೆಯ ಹೆಸರು ಫೇಶಿಯಾಟಮಿ, ಫೇಶಿಯಾವನ್ನು ಉದ್ದಕ್ಕೂ ಸೀಳುವುದು. ಅಳತೆಯಲ್ಲಿ ಕೆಟ್ಟಿದ್ದದ್ದು ಮುಂದಿನ ಕೋಣೆಯೊಂದೇ ಆದರೂ ನಾಲ್ಕನ್ನೂ ತೆರೆಯುತ್ತಾರೆ. ಈಗ ಸರಿಯಿರುವ ಕೋಣೆ ಬೆಳಗಿನ ಹೊತ್ತಿಗೆ ಊದಬಹುದು, ಎರಡನೇ ಸಲ ಅದೃಷ್ಟ ಪರೀಕ್ಷಿಸುವ ಹಾಗಿಲ್ಲ. ತೊಡೆಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿಗೆ ಗಾಳಿ ತುಂಬುವುದಿಲ್ಲ. ಮೊದಲೇ ರಕ್ತವಿಲ್ಲದ ಸ್ನಾಯುವಿನ ರಕ್ತವನ್ನು ಇನ್ನಷ್ಟು ತಡೆಯುವುದು ಬೇಡ, ಸ್ನಾಯು ಸುರಿಸುವ ರಕ್ತವೇ ಅದು ಬದುಕಿರುವುದಕ್ಕೆ ಸಾಕ್ಷಿ. 1977ರಲ್ಲಿ ಮುಬಾರಕ್ ಮತ್ತು ಓವೆನ್ ಪ್ರಚಾರಕ್ಕೆ ತಂದ ಎರಡು ಕೊಯ್ತದ ವಿಧಾನವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ.

ಮೊದಲ ಕೊಯ್ತ ಕಾಲಿನ ಹೊರಬದಿಗೆ. ಮುಂಗಾಲಿನ ಚೂಪು ಏಣಿಗೂ ಹೊರಗಿನ ಫಿಬುಲಾ ಮೂಳೆಗೂ ನಡುವೆ, ಉದ್ದಕ್ಕೆ ಸುಮಾರು 16 ಸೆಂಟಿಮೀಟರು. ಸಣ್ಣ ಕೊಯ್ತ ಹಾಕಿ ಗುರುತು ಉಳಿಯದಂತೆ ಮಾಡುವ ಆಸೆ ಇಲ್ಲಿ ಸಲ್ಲದು. ಊದಿದ ಕಾಲಿನಲ್ಲಿ ಬಿಗಿದ ಚರ್ಮವೂ ಒಂದು ಕಟ್ಟೇ. ಚರ್ಮದ ಕೆಳಗೆ ಬಿಳಿಯ ಫೇಶಿಯಾ ಕಾಣುತ್ತಲೇ ಸರ್ಜನ್ ಅದಕ್ಕೆ ಅಡ್ಡಲಾಗಿ ಒಂದು ಚಿಕ್ಕ ಗೀರು ಹಾಕುತ್ತಾನೆ. ಆ ಗೀರಿನಲ್ಲಿ ಮುಂದಿನ ಕೋಣೆಯನ್ನೂ ಹೊರಬದಿಯ ಕೋಣೆಯನ್ನೂ ಬೇರ್ಪಡಿಸುವ ನಡುಗೋಡೆ ಕಣ್ಣಿಗೆ ಬೀಳಬೇಕು. ಇದನ್ನು ನೋಡದೆ ಮುಂದುವರಿದವರು ಹೊರಬದಿಯ ಕೋಣೆಯನ್ನೇ ಎರಡು ಕಡೆ ಸೀಳಿ, ಮುಂದಿನ ಕೋಣೆ ತೆರೆದೆವೆಂದು ತಿಳಿದು ಹೊರಬಂದದ್ದುಂಟು. ಸೀಳಿ ಸೀಳಿಯೂ ತೆರೆಯದೆ ಉಳಿದ ಕೋಣೆ ಈ ಶಸ್ತ್ರಕ್ರಿಯೆಯ ದೊಡ್ಡ ತಪ್ಪು.

ನಡುಗೋಡೆ ಸಿಕ್ಕ ಮೇಲೆ ಅರೆ ತೆರೆದ ಕತ್ತರಿಯನ್ನು ಫೇಶಿಯಾದ ಅಂಚಿಗೆ ಸಿಕ್ಕಿಸಿ ತಳ್ಳುತ್ತಾರೆ. ಮುಂದಿನ ಕೋಣೆಗೆ ಮೇಲೆ ಮೊಣಕಾಲ ಚಿಪ್ಪಿನ ಕಡೆಗೆ, ಕೆಳಗೆ ಹರಡಿನ ನಡುಮಧ್ಯಕ್ಕೆ. ಹೊರಬದಿಯದಕ್ಕೆ ಮೇಲೆ ಫಿಬುಲಾದ ತಲೆಯ ಕಡೆಗೆ, ಕೆಳಗೆ ಹೊರಗಿನ ಹರಡಿನ ಗಂಟಿನ ಕಡೆಗೆ. ಕೆಳಭಾಗದಲ್ಲಿ ಕೈ ನಿಧಾನವಾಗಬೇಕು. ಹೊರಗಿನ ಗಂಟಿನಿಂದ ಸುಮಾರು 10ರಿಂದ 12 ಸೆಂಟಿಮೀಟರ್ ಮೇಲೆ, ಪಾದದ ಮೇಲ್ಮೈಗೆ ಸ್ಪರ್ಶ ಕೊಡುವ ನರ ಫೇಶಿಯಾವನ್ನು ತೂರಿ ಹೊರಬರುತ್ತದೆ. ಕತ್ತರಿ ಅದನ್ನು ಕಡಿದರೆ ಕಾಲು ಉಳಿದರೂ ಪಾದದ ಮೇಲ್ಭಾಗ ಮರಗಟ್ಟಿರುತ್ತದೆ.

ಫೇಶಿಯಾ ತೆರೆದ ಗಳಿಗೆಯಲ್ಲಿ ಸ್ನಾಯು ಕಡು ಬೂದು-ಕೆಂಪಿನ ಬಣ್ಣದಲ್ಲಿ ಗಾಯದ ಅಂಚು ದಾಟಿ ಉಬ್ಬುತ್ತದೆ. ಬದುಕಿರುವ ಸ್ನಾಯುವಾದರೆ ಕೆಲವು ನಿಮಿಷಗಳಲ್ಲಿ ಬಣ್ಣ ತಿರುಗಿ ಕೆಂಪಾಗತೊಡಗುತ್ತದೆ. ಸರ್ಜನ್ ಇಕ್ಕಳದಿಂದ ಚಿವುಟಿ ನೋಡುತ್ತಾನೆ. ಅದು ಅದುರುತ್ತದೆಯೇ, ಕತ್ತರಿಸಿದ ಅಂಚಿನಲ್ಲಿ ರಕ್ತ ಜಿನುಗುತ್ತದೆಯೇ, ಕೈಗೆ ಗಟ್ಟಿಯಾಗಿ ಸಿಗುತ್ತದೆಯೇ ಅಥವಾ ಮೆತ್ತಗೆ ಕಲಸಿದಂತಾಗಿದೆಯೇ? ಮೊದಲ ರಾತ್ರಿ ತೀರಾ ಸತ್ತಿದ್ದನ್ನು ಮಾತ್ರ ತೆಗೆಯುತ್ತಾರೆ, ಸಂಶಯದ್ದನ್ನು ಉಳಿಸಿ ಎರಡು ದಿನ ಬಿಟ್ಟು ನೋಡುತ್ತಾರೆ.

ಎರಡನೇ ಕೊಯ್ತ ಒಳಬದಿಗೆ, ಟಿಬಿಯಾದ ಒಳ ಅಂಚಿನಿಂದ ಒಂದೂವರೆ-ಎರಡು ಸೆಂಟಿಮೀಟರ್ ಹಿಂದೆ. ಇನ್ನೂ ಹಿಂದೆ ಸರಿದರೆ ಒಳ ಹರಡಿನ ಗಂಟಿನಿಂದ ಸುಮಾರು 5, 10, 15 ಸೆಂಟಿಮೀಟರ್ ಎತ್ತರದಲ್ಲಿ ಚರ್ಮಕ್ಕೆ ಬರುವ ಸಣ್ಣ ಅಪಧಮನಿಗಳು ಕಡಿದುಹೋಗುತ್ತವೆ. ನಾಳೆ ಗಾಯ ಮುಚ್ಚಲು ಪಕ್ಕದ ಚರ್ಮವನ್ನು ತಿರುಗಿಸಿ ತರಬೇಕಾದರೆ ಆ ನಾಳಗಳೇ ಆಧಾರ. ಉದ್ದನೆಯ ಸಫೀನಸ್ ಅಭಿಧಮನಿಯನ್ನೂ ಅದರ ಜೊತೆಯ ನರವನ್ನೂ ಮುಂದಕ್ಕೆ ಸರಿಸಿ ಮೀನಖಂಡದ ಕೋಣೆ ಸೀಳುತ್ತಾರೆ. ಇಲ್ಲಿಯೂ ಒಂದು ಹೊಂಚಿದೆ. ದಪ್ಪ ಸ್ನಾಯು ಉಬ್ಬಿ ಬಂದದ್ದನ್ನು ನೋಡಿ ಹಿಂದಿನ ಎರಡೂ ಕೋಣೆ ತೆರೆದಾಯಿತು ಎಂದುಕೊಳ್ಳುವುದು ಸುಲಭ. ಆಳದ ಕೋಣೆ ಇನ್ನೂ ಮುಚ್ಚಿಯೇ ಇರುತ್ತದೆ. ಅಲ್ಲಿಗೆ ಹೋಗಲು ಟಿಬಿಯಾದ ಹಿಂಬದಿಗೆ ಅಂಟಿರುವ ಸೋಲಿಯಸ್ ಸ್ನಾಯುವನ್ನು ಮೂಳೆಯಿಂದ ಬಿಡಿಸಬೇಕು. ಗುರುತು ಸುಲಭ: ಬೆರಳು ಟಿಬಿಯಾದ ಹಿಂಬದಿಯನ್ನು ನೇರವಾಗಿ ಮುಟ್ಟಬೇಕು, ಸಹಾಯಕ ಕಾಲ್ಬೆರಳುಗಳನ್ನು ಆಡಿಸಿದಾಗ ಕಣ್ಣ ಮುಂದಿನ ಸ್ನಾಯು ಹಿಂದೆ ಮುಂದೆ ಸರಿಯಬೇಕು.

ಮೂಳೆಯನ್ನೂ ಅದೇ ಹೊತ್ತಿಗೆ ನಿಲ್ಲಿಸಬೇಕು. ಅಲುಗುವ ಮುರಿತ ಊತಕ್ಕೆ ಇಂಬು ಕೊಡುತ್ತದೆ, ಪ್ಲಾಸ್ಟರನ್ನಂತೂ ಈಗ ಹಾಕುವಂತಿಲ್ಲ. ಹೊರಗಿನ ಕಂಬಿ ಚೌಕಟ್ಟೋ ಮೂಳೆಯೊಳಗಿನ ರಾಡೋ ಎಂಬುದು ಗಾಯದ ಮತ್ತು ರೋಗಿಯ ಸ್ಥಿತಿ ನೋಡಿ ತೀರ್ಮಾನ. ಕೊಯ್ತಗಳಿಗೆ ಹೊಲಿಗೆ ಹಾಕುವುದಿಲ್ಲ, ಒದ್ದೆ ಡ್ರೆಸಿಂಗ್ ಅಥವಾ ನಿರ್ವಾತ ಪಟ್ಟಿ ಹಚ್ಚಿ ತೆರೆದೇ ಬಿಡುತ್ತಾರೆ. ಎರಡು ಉದ್ದನೆಯ ತೆರೆದ ಗಾಯಗಳನ್ನು ಮಗನ ಕಾಲಿನಲ್ಲಿ ಮರುದಿನ ನೋಡಿದ ತಾಯಿ ದಿಗ್ಭ್ರಮೆಗೊಂಡರೆ ಆಶ್ಚರ್ಯವಿಲ್ಲ, ಮೊದಲೇ ಹೇಳಿರಬೇಕಾದ ಸಂಗತಿ ಇದು. ಸುಮಾರು 48 ಗಂಟೆಯ ನಂತರ ಮತ್ತೆ ಥಿಯೇಟರು. ಊತ ಇಳಿದಂತೆ ಒಂದು ಗಾಯವನ್ನು ಹೊಲಿಗೆಯಿಂದ ಕೂಡಿಸಬಹುದು, ಇನ್ನೊಂದಕ್ಕೆ ತೊಡೆಯಿಂದ ತೆಳು ಚರ್ಮ ತೆಗೆದು ಅಂಟಿಸಬೇಕಾಗಬಹುದು. ಅಷ್ಟರೊಳಗೆ ಮೂತ್ರದ ಬಣ್ಣದ ಮೇಲೂ ಕಣ್ಣಿಡುತ್ತಾರೆ. ಸತ್ತ ಸ್ನಾಯುವಿನಿಂದ ರಕ್ತಕ್ಕೆ ಸೇರುವ ಮಯೋಗ್ಲೋಬಿನ್ ಮೂತ್ರವನ್ನು ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು.

ಬೆಲೆ ಕಡಿಮೆಯದೇನಲ್ಲ. ಉದ್ದನೆಯ ಕಲೆ, ಹೆಚ್ಚು ದಿನ ಆಸ್ಪತ್ರೆ, ಸೋಂಕಿನ ಭಯ, ಮೂಳೆ ಕೂಡುವುದು ತಡವಾಗುವುದು ಎಲ್ಲವೂ ಇದೆ. ಅನಗತ್ಯವಾಗಿ ಸೀಳಿದ ಕಾಲುಗಳೂ ಇವೆ. ಆದರೂ ಸರ್ಜನರು ತಪ್ಪುವುದಾದರೆ ಆ ಕಡೆಗೇ ತಪ್ಪಲಿ ಎನ್ನುವುದಕ್ಕೆ 1976ರ ಶೆರಿಡನ್ ಮತ್ತು ಮ್ಯಾಟ್ಸನ್ ಅವರ ಎಣಿಕೆ ನೋಡಿದರೆ ಸಾಕು. ಲಕ್ಷಣ ಶುರುವಾದ 12 ಗಂಟೆಯೊಳಗೆ ಕೋಣೆ ತೆರೆಸಿಕೊಂಡವರಲ್ಲಿ ನೂರಕ್ಕೆ 68 ಜನರ ಕಾಲು ಮೊದಲಿನಂತಾಯಿತು. 12 ಗಂಟೆ ದಾಟಿದವರಲ್ಲಿ ನೂರಕ್ಕೆ 8.

ಮೂರನೇ ದಿನ ಬಂದವರ ವಿಷಯಕ್ಕೆ ಸರಳ ಉತ್ತರವಿಲ್ಲ. ದಬ್ಬೆ ಕಟ್ಟಿಸಿಕೊಂಡು ಊರಲ್ಲೇ ಉಳಿದು, ನೋವು ತಾನಾಗಿ ಕಡಿಮೆಯಾಯಿತೆಂದು ಸಮಾಧಾನಪಟ್ಟು, ಬೆರಳು ಆಡುತ್ತಿಲ್ಲವೆಂದು ಆಮೇಲೆ ಬರುವವರಿದ್ದಾರೆ. ನರವೂ ಸತ್ತದ್ದರಿಂದ ನೋವು ಹೋಗಿದೆ. ಆಗ ಫೇಶಿಯಾ ಸೀಳಿದರೆ ಒಳಗಿರುವ ಸತ್ತ ಮಾಂಸ ಗಾಳಿಗೆ ತೆರೆದುಕೊಂಡು ಕೊಳೆಯುತ್ತದೆ. ಒಂದೂವರೆ ದಿನಕ್ಕಿಂತ ತಡವಾಗಿ ಸೀಳಿಸಿಕೊಂಡ ಐವರ ಕಥೆ 1996ರಲ್ಲಿ ಪ್ರಕಟವಾಯಿತು: ಒಬ್ಬ ನಂಜಿನಿಂದ ಸತ್ತ, ಉಳಿದ ನಾಲ್ವರೂ ಕಾಲು ಕಳೆದುಕೊಂಡರು. ಹಾಗಾಗಿ ಸ್ನಾಯು ಪೂರ್ತಿ ಹೋಗಿದೆ, ಚರ್ಮ ಮುಚ್ಚಿದೆ ಎಂದು ಖಚಿತವಾದರೆ ಹಲವರು ಸೀಳದೆಯೇ ಬಿಡುತ್ತಾರೆ. ಮೂತ್ರಪಿಂಡವನ್ನು ಕಾಯುತ್ತಾರೆ, ಪಾದ ಕೆಳಕ್ಕೆ ಜೋಲದಂತೆ, ಬೆರಳುಗಳು ಹದ್ದಿನ ಉಗುರಿನಂತೆ ಮಡಿಸಿಕೊಳ್ಳದಂತೆ ಮೊದಲ ದಿನದಿಂದಲೇ ಸ್ಪ್ಲಿಂಟ್ ಕಟ್ಟುತ್ತಾರೆ. ತಿಂಗಳುಗಳ ನಂತರ, ಸತ್ತ ಸ್ನಾಯು ಗಾಯದ ನಾರಾಗಿ ಕುಗ್ಗಿದ ಮೇಲೆ, ಸ್ನಾಯುರಜ್ಜುಗಳನ್ನು ಉದ್ದ ಮಾಡಿಯೋ ಬೇರೆಡೆಗೆ ವರ್ಗಾಯಿಸಿಯೋ ಪಾದವನ್ನು ಚಪ್ಪಲಿ ಹಾಕಿ ನೆಲಕ್ಕೂರುವ ಮಟ್ಟಿಗೆ ತರುತ್ತಾರೆ.